ಬೋರ್ಡಿನ ಮೇಲೆ ಕನ್ನಡ ಹೆಸರು ಸರಿ ಕಾಣುತ್ತಿಲ್ಲವೇ? ಒತ್ತು ಮತ್ತು ಸಾಲು ಮುರಿತದ ದೋಷ ಪತ್ತೆ

ನಾಮಫಲಕದ ತಪ್ಪುಗಳಲ್ಲಿ ಕಾಗುಣಿತ ಗೊತ್ತಿಲ್ಲದೆ ಆಗುವವು ಕಡಿಮೆ. ಹೆಚ್ಚಿನವು ಒತ್ತಕ್ಷರ ಕೂಡುವ ಜಾಗದಲ್ಲಿ ಅಥವಾ ಸಾಲು ಮುರಿಯುವ ಜಾಗದಲ್ಲಿ ಆಗುತ್ತವೆ. ವಾಟ್ಸಾಪಿನಲ್ಲಿ ಬರೆದು ಕಳಿಸಿದಾಗ ಸರಿಯಿದ್ದ ಹೆಸರು ಡಿಟಿಪಿ ಕಂಪ್ಯೂಟರ್‌ಗೆ ಹೋದಾಗ ಕೆಡಬಹುದು, ಶೀಟ್ ಕತ್ತರಿಸುವಾಗ ಕೆಡಬಹುದು, ಎರಡು ಸಾಲಾಗಿ ಜೋಡಿಸುವಾಗಲೂ ಕೆಡಬಹುದು. ಎಲ್ಲಿ ಕೆಟ್ಟಿದೆ ಎಂಬುದನ್ನು ಕಾಣುವ ಲಕ್ಷಣದಿಂದಲೇ ಹೇಳಬಹುದು.

ಒಂದೇ ಮಾದರಿ ಹೆಸರನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಶ್ರೀ ಲಕ್ಷ್ಮೀ ಹಾರ್ಡ್‌ವೇರ್ ಮತ್ತು ಎಲೆಕ್ಟ್ರಿಕಲ್ಸ್. ಇದು ಬೇಕೆಂದೇ ಆರಿಸಿದ ಹೆಸರು. ಇದರಲ್ಲಿ ಮೂರು ವ್ಯಂಜನ ಕೂಡಿದ ‘ಕ್ಷ್ಮೀ’ ಮತ್ತು ‘ಕ್ಟ್ರಿ’ ಇವೆ, ಅರ್ಕಾವತ್ತು ಇದೆ, ಒತ್ತಾಗಬಾರದ ಕಡೆ ಒತ್ತಾಗುವ ‘ಡ್‌ವೇ’ ಇದೆ, ಕೊನೆಯಲ್ಲಿ ಒತ್ತೂ ಅರ್ಧಾಕ್ಷರವೂ ಒಟ್ಟಿಗೆ ಬರುವ ‘ಲ್ಸ್’ ಇದೆ. ನಿಮ್ಮ ಹೆಸರಿನ ಜೊತೆಗೆ ಇದನ್ನೂ ಒಮ್ಮೆ ಅದೇ ಫಾಂಟಿನಲ್ಲಿ ಹಾಕಿ ನೋಡಿ. ಫಾಂಟು ಎಲ್ಲಿ ಸೋಲುತ್ತದೆ ಎಂದು ಕೂಡಲೇ ತಿಳಿಯುತ್ತದೆ.

## ಮೊದಲು, ಖರ್ಚಿಲ್ಲದ ಪರೀಕ್ಷೆ

ಹೆಸರನ್ನು ಮೊಬೈಲಿನ ನೋಟ್ಸ್‌ನಲ್ಲಿ ಟೈಪಿಸಿ, ದೊಡ್ಡದು ಮಾಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಇದೇ ನಿಮ್ಮ ಮೂಲಪ್ರತಿ. ಬೋರ್ಡಿನವರು ಕಳಿಸಿದ ಪ್ರೂಫನ್ನು ಇದರ ಪಕ್ಕಕ್ಕಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ಇಡೀ ಪದವನ್ನು ಓದಬೇಡಿ, ಏಕೆಂದರೆ ಗೊತ್ತಿರುವ ಪದದಲ್ಲಿ ತಪ್ಪಿದ್ದರೂ ಕಣ್ಣು ತಾನೇ ತಿದ್ದಿಕೊಂಡು ಓದಿಬಿಡುತ್ತದೆ. ಕೊನೆಯ ಅಕ್ಷರದಿಂದ ಹಿಂದಕ್ಕೆ ನೋಡುತ್ತ ಬನ್ನಿ: ಲ್ಸ್, ಕ, ಕ್ಟ್ರಿ, ಲೆ, ಎ. ಒತ್ತು ಬಿಟ್ಟುಹೋಗಿದ್ದರೆ ಹೀಗೆ ನೋಡುವಾಗ ಸಿಕ್ಕಿಬೀಳುತ್ತದೆ.

ಆಮೇಲೆ ದೂರದ ಪರೀಕ್ಷೆ. ಪ್ರೂಫನ್ನು ಕಾಗದದ ಮೇಲೆ ಅಕ್ಷರದ ಎತ್ತರ 10 ಮಿ.ಮೀ. ಬರುವಂತೆ ಮುದ್ರಿಸಿ, ಗೋಡೆಗೆ ಅಂಟಿಸಿ, 3 ಮೀಟರ್ ಹಿಂದೆ ನಿಂತು ನೋಡಿ. 4 ಅಂಗುಲದ ಅಕ್ಷರವನ್ನು 100 ಅಡಿ ದೂರದಿಂದ ನೋಡಿದಾಗ ಎಷ್ಟು ಕಾಣುತ್ತದೋ ಇದೂ ಹೆಚ್ಚುಕಡಿಮೆ ಅಷ್ಟೇ. ಒತ್ತುಗಳು ಮಸಿಯ ಚುಕ್ಕೆಯಂತೆ ಕಂಡರೆ, ಅಥವಾ ‘ಮ’ ಯಾವುದು ‘ವು’ ಯಾವುದು ಎಂದು ತಡವರಿಸಿದರೆ, ಫಾಂಟು ತೀರಾ ದಪ್ಪವಾಗಿದೆ ಎಂದರ್ಥ. ಒಂದು ಹಂತ ತೆಳುವಾದ ತೂಕಕ್ಕೆ ಇಳಿಸಿ ಮತ್ತೆ ನೋಡಿ.

## ಲಕ್ಷಣ: ಕನ್ನಡದ ಬದಲು PÀ£ÀßqÀ ಎಂಬಂಥ ಅಕ್ಷರಗಳು

ಇದು ಹೆದರಿಸುತ್ತದೆ, ಆದರೆ ಎಲ್ಲಕ್ಕಿಂತ ಸುಲಭದ ದೋಷ. ಮೇಲಿನದು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ‘ಕನ್ನಡ’ ಎಂಬ ಪದವೇ. ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟುಕೊಂಡಿರುತ್ತವೆ. ಫಾಂಟು ಬದಲಾದೊಡನೆ ವೇಷ ಕಳಚುತ್ತದೆ. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಇಲ್ಲವೇ ಹೊಸದಾಗಿ ಟೈಪಿಸಿ. ಹೆಸರು ನಾಲ್ಕೈದು ಪದದ್ದಾದರೆ ಹೊಸದಾಗಿ ಟೈಪಿಸುವುದೇ ವಾಸಿ, ಪರಿವರ್ತನೆಯಲ್ಲಿ ಒತ್ತುಗಳೇ ಮೊದಲು ಕಳೆದುಹೋಗುವುದು.

ಬರೀ ಚೌಕಗಳು ಕಂಡರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ಚುಕ್ಕೆಗಳ ವೃತ್ತ (◌) ಕಂಡರೆ ಗುಣಿತದ ಚಿಹ್ನೆಯೊಂದು ವ್ಯಂಜನವಿಲ್ಲದೆ ಒಂಟಿಯಾಗಿದೆ ಅಥವಾ ಎರಡು ಸಲ ಒತ್ತಲಾಗಿದೆ. ಅಳಿಸಿ ಮತ್ತೆ ಟೈಪಿಸಿದರೆ ಸರಿಹೋಗುತ್ತದೆ.

## ಲಕ್ಷಣ: ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದೆ

‘ಲಕ್ಷ್ಮೀ’ ಎಂಬುದು ‘ಲಕ್‌ಷ್‌ಮೀ’ ಎಂದು ಕಂಡರೆ ಪಠ್ಯದಲ್ಲಿ ತಪ್ಪಿಲ್ಲ. ಯೂನಿಕೋಡಿನಲ್ಲಿ ‘ಕ್ಷ್ಮೀ’ ಎಂದರೆ ಕ, ್, ಷ, ್, ಮ, ೀ ಎಂಬ ಆರು ಸಂಕೇತಗಳ ಸಾಲು. ಅವನ್ನು ಒಂದು ಅಕ್ಷರವಾಗಿ ಕಟ್ಟುವ ಕೆಲಸ ವಿನ್ಯಾಸದ ತಂತ್ರಾಂಶದ್ದು. ಅದು ಆ ಕೆಲಸ ಮಾಡದಿದ್ದರೆ ಅಕ್ಷರಗಳು ಬಿಡಿಯಾಗಿಯೇ ಉಳಿಯುತ್ತವೆ.

ಇಲಸ್ಟ್ರೇಟರ್ ಆದರೆ Edit > Preferences > Type ಒಳಗೆ Show Indic Options ಎಂಬುದನ್ನು ಆರಿಸಿ, ನಂತರ Paragraph ಫಲಕದ ಮೆನುವಿನಲ್ಲಿ Middle Eastern & South Asian ಎಂದು ಆರಂಭವಾಗುವ ಕಂಪೋಸರ್ ಆರಿಸಿಕೊಳ್ಳಿ. ಕೋರೆಲ್‌ಡ್ರಾದ ತೀರಾ ಹಳೆಯ ಆವೃತ್ತಿಗಳಲ್ಲಿ ಈ ಸೌಲಭ್ಯವೇ ಇಲ್ಲ. ಅಂಥ ಕಡೆ ಅಕ್ಷರಗಳನ್ನು ಕೈಯಿಂದ ಎಳೆದು ಜೋಡಿಸುವ ಸಾಹಸ ಬೇಡ. ಕನ್ನಡ ಸರಿ ಬರುವ ಬೇರೆ ತಂತ್ರಾಂಶದಲ್ಲಿ ಹೆಸರು ಬರೆದು, ರೇಖೆಗಳಾಗಿ ಪರಿವರ್ತಿಸಿ, ಆ ಚಿತ್ರವನ್ನು ತಂದು ಹಾಕಿಸಿ.

ಕಂಪೋಸರ್ ಸರಿಯಿದ್ದೂ ಒಂದು ಒತ್ತು ಮಾತ್ರ ಬಿಡಿಯಾಗಿದ್ದರೆ, ಉದಾಹರಣೆಗೆ ‘ಕ್ಟ್ರಿ’ಯಲ್ಲಿ ಟ ಒತ್ತು ಬಂದು ರ ಒತ್ತು ಬರದಿದ್ದರೆ, ದೋಷ ಫಾಂಟಿನದು. ನೋಟೋ ಸಾನ್ಸ್ ಕನ್ನಡದಂಥ ಪೂರ್ಣ ಫಾಂಟಿನಲ್ಲಿ ಅದೇ ಪದ ಹಾಕಿ ನೋಡಿ. ಅಲ್ಲಿ ಸರಿಯಿದ್ದರೆ ಮೊದಲಿನ ಫಾಂಟನ್ನು ಬಿಟ್ಟುಬಿಡಿ, ಅದು ಎಷ್ಟೇ ಚೆಂದವಿದ್ದರೂ.

## ಲಕ್ಷಣ: ಎರಡು ಪದ ಸೇರಿ ಇಲ್ಲದ ಒತ್ತು ಹುಟ್ಟಿಕೊಂಡಿದೆ

ಅಂಗಡಿ ಹೆಸರುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ‘ಹಾರ್ಡ್‌ವೇರ್’ ಎಂಬುದು ‘ಹಾರ್ಡ್ವೇರ್’ ಆಗಿಬಿಡುತ್ತದೆ. ಎರಡನೆಯದನ್ನು ಹತ್ತಿರದಿಂದ ನೋಡಿ. ಡ ಅಕ್ಷರಕ್ಕೆ ಏತ್ವ ಮತ್ತು ದೀರ್ಘ ಹತ್ತಿವೆ, ಕೆಳಗೆ ವ ಒತ್ತು ಬಂದಿದೆ, ಎಲ್ಲದರ ಬಲಕ್ಕೆ ಅರ್ಕಾವತ್ತು ನೇತಾಡುತ್ತಿದೆ. ‘ವೇ’ ಎಂಬ ಅಕ್ಷರವೇ ಮಾಯ. ಅರ್ಕಾವತ್ತನ್ನು ಬರೆಯುವುದು ಕೊನೆಗೆ, ಓದುವುದು ಮೊದಲಿಗೆ. ಹಾಗಾಗಿ ಓದುವವನ ಕಣ್ಣು ಒಂದೇ ಅಕ್ಷರದಲ್ಲಿ ಬಲಕ್ಕೆ ಹೋಗಿ ಎಡಕ್ಕೆ ಬಂದು ಕೆಳಗಿಳಿಯಬೇಕು. ಬೈಕಿನಲ್ಲಿ ಹೋಗುವವನಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಕಾರಣ ಸರಳ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಕನ್ನಡದಲ್ಲಿ ಅದು ಒತ್ತಾಗುವುದೇ ನಿಯಮ, ಕಂಪ್ಯೂಟರ್ ಆ ನಿಯಮವನ್ನು ಪಾಲಿಸಿದೆ ಅಷ್ಟೆ. ಇಲ್ಲಿ ಬೇಡ ಎಂದು ಹೇಳಲು ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಚಿಹ್ನೆಯಿದೆ. ಅದರ ಯೂನಿಕೋಡ್ ಸಂಖ್ಯೆ U+200C, ಅದನ್ನು ‘ಡ್’ ಆದ ತಕ್ಷಣ ಹಾಕಬೇಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ‘ಹಾರ್ಡ್’ ಎಂದು ಟೈಪಿಸಿ, ಅದಕ್ಕೆ ಅಂಟಿದಂತೆ 200C ಎಂದು ಬರೆದು, Alt+X ಒತ್ತಿ. ಅಂಕಿಗಳು ಮಾಯವಾಗಿ ಚಿಹ್ನೆ ಕೂರುತ್ತದೆ. ನಂತರ ‘ವೇರ್’ ಬರೆಯಿರಿ. ಒಳಗಿನ ಸಂಕೇತಗಳ ಸಾಲು ಹೀಗಿರಬೇಕು:

```
ಹಾರ್ಡ್‌ವೇರ್
0CB9 0CBE 0CB0 0CCD 0CA1 0CCD 200C 0CB5 0CC7 0CB0 0CCD
```

ಇಲ್ಲಿ ಎರಡು ಅಡ್ಡದಾರಿಗಳಿವೆ, ಎರಡೂ ಕೈಕೊಡುತ್ತವೆ. ಒಂದು, ನಡುವೆ ಸ್ಪೇಸ್ ಕೊಟ್ಟು ‘ಹಾರ್ಡ್ ವೇರ್’ ಮಾಡುವುದು. ಒತ್ತು ತಪ್ಪುತ್ತದೆ ನಿಜ, ಆದರೆ ಬೋರ್ಡಿನ ಗಾತ್ರಕ್ಕೆ ಹಿಗ್ಗಿಸಿದಾಗ ನಡುವೆ ಗೇಣುದ್ದದ ಕಂದಕ ಬೀಳುತ್ತದೆ, ಸಾಲು ತುಂಬಿದರೆ ‘ವೇರ್’ ಕೆಳಗಿನ ಸಾಲಿಗೆ ಜಾರುತ್ತದೆ. ಇನ್ನೊಂದು, U+200B ಎಂಬ ಬೇರೆ ಚಿಹ್ನೆಯನ್ನು ಹಾಕುವುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ 200B ಎಂದರೆ ‘ಇಲ್ಲಿ ಸಾಲು ಮುರಿಯಬಹುದು’ ಎಂಬ ಅನುಮತಿ, 200C ಅಂಥ ಅನುಮತಿ ಕೊಡುವುದಿಲ್ಲ. ಪದ ಅಚಾನಕ್ಕಾಗಿ ನಡುವೆ ತುಂಡಾಗುತ್ತಿದ್ದರೆ ಈ ಅದಲುಬದಲನ್ನು ಶಂಕಿಸಿ.

ಸಾಫ್ಟ್‌ವೇರ್, ನೆಟ್‌ವರ್ಕ್, ರಾಜ್‌ಕುಮಾರ್ ಮುಂತಾದವಕ್ಕೂ ಇದೇ ಮದ್ದು. ‘ರ‍್ಯಾಂಕ್’, ‘ರ‍್ಯಾಲಿ’ಗಳದು ಇದರ ತಮ್ಮನಂಥ ಸಮಸ್ಯೆ. ಹಾಗೆಯೇ ಟೈಪಿಸಿದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ರ ಅಕ್ಷರ ಪೂರ್ತಿ ಉಳಿದು ಕೆಳಗೆ ಯ ಒತ್ತು ಬರಬೇಕಾದರೆ ರ ಆದಮೇಲೆ, ್ ಚಿಹ್ನೆಗೆ ಮೊದಲು, U+200D ಹಾಕಬೇಕು. 200C ಬರುವುದು ್ ಆದಮೇಲೆ, 200D ಬರುವುದು ್ ಮೊದಲು. ಈ ಕ್ರಮ ತಪ್ಪಿದರೆ ಎರಡೂ ಕೆಲಸ ಮಾಡುವುದಿಲ್ಲ.

## ಲಕ್ಷಣ: ಓದಲು ಸರಿಯಿದೆ, ಆದರೆ ಒಂದು ಅಕ್ಷರ ಕೊಂಕಾಗಿದೆ

ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ೯, ಅನುಸ್ವಾರದ ಬದಲು ಸೊನ್ನೆಯ ಅಂಕಿ ೦ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಆಕಾರ ಹತ್ತಿರವಾದರೂ ಗಾತ್ರ ಬೇರೆ, ಸುತ್ತಲಿನ ಜಾಗ ಬೇರೆ. ಅಂಕಿಯಾದದ್ದರಿಂದ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳದೆ ದೂರ ನಿಲ್ಲುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿ ಆ ಗುರುತನ್ನಷ್ಟೇ ಅಳಿಸಿ ನೋಡಿ. ಅದೊಂದೇ ಸಲೀಸಾಗಿ ಹೋಗಿ ಹಿಂದಿನ ವ್ಯಂಜನ ಬದಲಾಗದೆ ಉಳಿದರೆ ಅದು ಅರ್ಕಾವತ್ತಲ್ಲ, ಅಂಕಿ.

ದೀರ್ಘ ಮಾತ್ರ ದೂರ ಓಡಿದ್ದರೆ ಕಾರಣ ಬೇರೆ. ಸಾಲು ತುಂಬಿಸಲು ಯಾರೋ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದ್ದಾರೆ. ‘ಮೀ’ ಅಕ್ಷರದ ದೀರ್ಘ, ‘ರ್ಡ್’ನ ಅರ್ಕಾವತ್ತು ಬಿಡಿ ತುಣುಕುಗಳಾದ್ದರಿಂದ ಅವೂ ಸರಿದುಬಿಡುತ್ತವೆ. ಅಂತರವನ್ನು ಸೊನ್ನೆಗೆ ತನ್ನಿ. ಜಾಗ ಉಳಿದರೆ ಪದಗಳ ನಡುವೆ ಕೊಡಿ, ಅಕ್ಷರದ ಒಳಗೆ ಬೇಡ.

## ಲಕ್ಷಣ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತಿದೆ, ಅಥವಾ ಬೋರ್ಡಿನ ಅಂಚಿನಲ್ಲಿ ಕತ್ತರಿಸಿದೆ

ಇಂಗ್ಲಿಷ್ ದೊಡ್ಡಕ್ಷರಗಳಿಗೆ ರೂಢಿಯಾದ ಕೈ ಕನ್ನಡದಲ್ಲಿ ಎಡವುವುದು ಇಲ್ಲೇ. ಅಕ್ಷರದ ಎತ್ತರ ಅಳೆಯುವಾಗ ಒತ್ತಿನ ಇಳಿತವನ್ನು ಮರೆಯುತ್ತಾರೆ. ನಿಮ್ಮ ಫಾಂಟಿನಲ್ಲಿ ‘ಕೀ’ ಮತ್ತು ‘ಕ್ಟ್ರಿ’ ಎಂದು ಪಕ್ಕಪಕ್ಕ ಬರೆದು ಅಳೆಯಿರಿ. ಕ್ಟ್ರಿ ಎಷ್ಟು ಹೆಚ್ಚು ಕೆಳಗಿಳಿಯುತ್ತದೋ ಅದೇ ಇಳಿತ. ಇದು ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ, ಅಂದಾಜಿನಲ್ಲಿ ಬಿಡಬೇಡಿ.

ಒಂದು ಲೆಕ್ಕ ಮಾಡಿ ನೋಡೋಣ. ಬೋರ್ಡು 8 ಅಡಿ ಅಗಲ, 3 ಅಡಿ ಎತ್ತರ. ಕರ್ನಾಟಕದಲ್ಲಿ 2024ರ ತಿದ್ದುಪಡಿಯಂತೆ ಅಂಗಡಿ ಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 36 ಅಂಗುಲದ ಶೇ. 60 ಎಂದರೆ 21.6, ಕನ್ನಡಕ್ಕೆ 22 ಅಂಗುಲ ಎಂದಿಟ್ಟುಕೊಳ್ಳಿ. ಮೇಲೆ 2 ಅಂಗುಲ, ಸಾಲುಗಳ ನಡುವೆ ಒಂದೂವರೆ, ಕೆಳಗೆ ಒಂದೂವರೆ ಬಿಟ್ಟರೆ ಉಳಿಯುವುದು 17. ಮೊದಲ ಸಾಲು ‘ಶ್ರೀ ಲಕ್ಷ್ಮೀ’, ಎರಡನೆಯದು ‘ಹಾರ್ಡ್‌ವೇರ್ ಮತ್ತು ಎಲೆಕ್ಟ್ರಿಕಲ್ಸ್’. ಎರಡನೆಯದರ ಅಕ್ಷರ ಮೊದಲಿನದರ 0.6 ಪಟ್ಟು ಇರಲಿ, ನೀವು ಅಳೆದ ಇಳಿತವೂ ಅಕ್ಷರದ ಎತ್ತರದ 0.6 ಪಟ್ಟು ಬಂತು ಎನ್ನಿ.

ಇಳಿತ ಮರೆತವನು 17ನ್ನು 1.6ರಿಂದ ಭಾಗಿಸಿ ಮೊದಲ ಸಾಲಿಗೆ 10.6 ಅಂಗುಲದ ಅಕ್ಷರ ಇಡುತ್ತಾನೆ. ಅದರ ಒತ್ತು 6.4 ಅಂಗುಲ ಇಳಿಯುತ್ತದೆ. ನಡುವೆ ಇರುವುದು ಒಂದೂವರೆ. ಉಳಿದ ಸುಮಾರು 5 ಅಂಗುಲ ನೇರ ಎರಡನೇ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತದೆ. ಇಳಿತ ಸೇರಿಸಿದರೆ ಮೊದಲ ಸಾಲಿಗೆ ಬೇಕಾದದ್ದು ಎತ್ತರದ 1.6 ಪಟ್ಟು, ಎರಡನೆಯದಕ್ಕೆ 0.96 ಪಟ್ಟು, ಒಟ್ಟು 2.56. ಹದಿನೇಳನ್ನು ಅದರಿಂದ ಭಾಗಿಸಿದರೆ 6.6 ಅಂಗುಲ. ಎರಡನೇ ಸಾಲು ಹೆಚ್ಚುಕಡಿಮೆ 4 ಅಂಗುಲ. ಅಕ್ಷರ ಚಿಕ್ಕದಾಯಿತೆಂದು ಮಾಲೀಕರು ಮುಖ ಕಿವುಚಬಹುದು, ಆದರೆ ಓದಲು ಬರುವುದು ಇದೇ.

ಇನ್ನೂ ದೊಡ್ಡದು ಬೇಕೇ ಬೇಕೆಂದರೆ ಉಪಾಯ ಒಂದಿದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಪದಗಳ ನಡುವಿನ ಖಾಲಿ ಜಾಗದ ಮೇಲೆ ಬರುವಂತೆ ಸಾಲನ್ನು ಎಡಕ್ಕೋ ಬಲಕ್ಕೋ ಸರಿಸಿ. ಅಕ್ಷರಗಳನ್ನು ಮೇಲಿನಿಂದ ಅದುಮಿ ಚಪ್ಪಟೆ ಮಾಡುವುದು ಮಾತ್ರ ಉಪಾಯವಲ್ಲ. ಅಡ್ಡಗೆರೆಗಳು ತೆಳುವಾಗಿ ಮೊದಲೇ ಸಣ್ಣದಿರುವ ಒತ್ತು ದೂರಕ್ಕೆ ಕಾಣದಂತಾಗುತ್ತದೆ.

ಅಕ್ರಿಲಿಕ್ ಅಕ್ಷರದ ಬೋರ್ಡಾದರೆ ಇನ್ನೊಂದು ಸಂಗತಿ. ಬುಡದ ಅಕ್ಷರಕ್ಕೆ ತಾಗದ ಒತ್ತನ್ನು ಬೇರೆಯೇ ತುಂಡಾಗಿ ಕತ್ತರಿಸಿ ಕೂರಿಸಬೇಕಾಗುತ್ತದೆ. ಅದು ಬಿದ್ದರೆ ‘ಮತ್ತು’ ಹೋಗಿ ‘ಮತು’ ಆಗುತ್ತದೆ. ಒಳಗೆ ದೀಪ ಇರುವುದಾದರೆ ಒತ್ತಿನ ಗೆರೆಯ ಅಗಲವನ್ನು ಎಲ್‌ಇಡಿ ಮಾಡ್ಯೂಲಿನ ಅಗಲದೊಂದಿಗೆ ಹೋಲಿಸಿ. ಮಾಡ್ಯೂಲ್ ಹಿಡಿಸದಷ್ಟು ಸಪೂರವಿದ್ದರೆ ರಾತ್ರಿ ಅಕ್ಷರ ಉರಿಯುತ್ತದೆ, ಒತ್ತು ಕತ್ತಲಲ್ಲಿರುತ್ತದೆ.

## ಲಕ್ಷಣ: ಎಲ್ಲ ಅಕ್ಷರ ಸರಿ, ಆದರೂ ಹೆಸರು ಬೇರೇನೋ ಹೇಳುತ್ತಿದೆ

ಇದು ಸಾಲು ಮುರಿತದ ದೋಷ. ‘ಔಷಧಾಲಯ’ವನ್ನು ‘ಔಷಧಾ’ ಎಂದು ಮೇಲೆ, ‘ಲಯ’ ಎಂದು ಕೆಳಗೆ ಬರೆದರೆ ಓದುವವನಿಗೆ ಕಾಣುವುದು ಲಯ, ಅಂದರೆ ನಾಶ. ವಸ್ತ್ರಾಲಯ, ವಿದ್ಯಾಲಯಗಳಿಗೂ ಇದೇ ಗತಿ. ಸಂಧಿಯಾದ ಪದದಲ್ಲಿ ಎರಡು ಪದಗಳ ಗಡಿ ಒಂದು ಅಕ್ಷರದ ಒಳಗೆ ಹೂತುಹೋಗಿರುತ್ತದೆ, ಧಾ ಎಂಬುದರಲ್ಲಿ ಔಷಧದ ಕೊನೆಯೂ ಇದೆ, ಆಲಯದ ಮೊದಲೂ ಇದೆ. ಅದನ್ನು ಎಲ್ಲಿ ಸೀಳಿದರೂ ಒಂದು ಕಡೆಗೆ ನಷ್ಟ. ‘ಬಟ್ಟೆಯಂಗಡಿ’ಯನ್ನು ಸೀಳಿದರೆ ಕೆಳಗೆ ‘ಯಂಗಡಿ’ ಬೀಳುತ್ತದೆ. ಇಂಥಲ್ಲಿ ಸಂಧಿ ಬಿಡಿಸಿ ‘ಬಟ್ಟೆ’ ಮೇಲೆ, ‘ಅಂಗಡಿ’ ಕೆಳಗೆ ಬರೆಯಿರಿ. ಔಷಧಾಲಯದಂಥದ್ದನ್ನು ಬಿಡಿಸಲು ಬಾರದು, ಇಡೀ ಪದ ಒಂದೇ ಸಾಲಿನಲ್ಲಿ ಹಿಡಿಸುವಂತೆ ಗಾತ್ರ ಇಳಿಸಿ.

ನಮ್ಮ ಮಾದರಿ ಹೆಸರಿಗೆ ಬಂದರೆ, ‘ಶ್ರೀ’ ಒಂಟಿಯಾಗಿ ಮೇಲೆ ಉಳಿಯಬಾರದು, ಅದು ಲಕ್ಷ್ಮಿಯ ಜೊತೆಗೇ ಇರಬೇಕು. ಇನಿಷಿಯಲ್ ಮತ್ತು ಹೆಸರಿಗೂ ಇದೇ ನಿಯಮ. ‘ಮತ್ತು’ ಸಾಲಿನ ಕೊನೆಯಲ್ಲಿ ನೇತಾಡುವುದಕ್ಕಿಂತ ಮುಂದಿನ ಸಾಲಿನ ಆರಂಭಕ್ಕೆ ಹೋದರೆ ವಾಸಿ, ಎರಡು ಪದಗಳ ನಡುವೆಯೇ ಉಳಿದರೆ ಉತ್ತಮ. ಜೋರಾಗಿ ಹೇಳಿ ನೋಡಿ: ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಮುರಿಯಿರಿ. ಪದ ತುಂಡು ಮಾಡಿ ಅಡ್ಡಗೆರೆ ಹಾಕುವುದು ಪತ್ರಿಕೆಯ ಅಂಕಣಕ್ಕೆ ಸರಿ, ಬೋರ್ಡಿಗಲ್ಲ.

ಕಂಬದ ಮೇಲಿನ ಉದ್ದನೆಯ ಬೋರ್ಡಿನಲ್ಲಿ ಅಕ್ಷರಗಳನ್ನು ಒಂದರ ಕೆಳಗೊಂದು ಬರೆಯುವಾಗ ಒತ್ತು ಸಮೇತ ಇಡೀ ಅಕ್ಷರ ಒಂದು ಮನೆಯಲ್ಲಿರಬೇಕು: ಲ, ಕ್ಷ್ಮೀ. ತಂತ್ರಾಂಶವೇ ಒಡೆಯಲು ಬಿಟ್ಟರೆ ಲ, ಕ್, ಷ್, ಮೀ ಎಂದು ನಾಲ್ಕು ಮನೆಯಾದೀತು. ‘ಹಾರ್ಡ್‌ವೇರ್’ನ ಅರ್ಕಾವತ್ತು ಡಕಾರದ ಜೊತೆಗೇ ಹೋಗಬೇಕು: ಹಾ, ರ್ಡ್, ವೇ, ರ್. ಪ್ರತಿ ಮನೆಯನ್ನೂ ನೀವೇ ಬೇರೆ ಬೇರೆ ಸಾಲಾಗಿ ಟೈಪಿಸಿಕೊಡುವುದು ಕ್ಷೇಮ.

## ಎಲ್ಲಿ ನಿಲ್ಲಿಸಬೇಕು

ಪ್ರೂಫ್ ಒಪ್ಪಿದ ಮೇಲೆ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಲು ಹೇಳಿ (ಕೋರೆಲ್‌ಡ್ರಾದಲ್ಲಿ Ctrl+Q, ಇಲಸ್ಟ್ರೇಟರ್‌ನಲ್ಲಿ Ctrl+Shift+O). ಇದಾದ ಮೇಲೆ ಬೇರೆ ಯಂತ್ರದಲ್ಲಿ ಫಾಂಟು ಇಲ್ಲದಿದ್ದರೂ ಹೆಸರು ಕೆಡುವುದಿಲ್ಲ, ಆದರೆ ಟೈಪಿಸಿ ತಿದ್ದಲೂ ಬರುವುದಿಲ್ಲ. ಪರಿವರ್ತಿಸಿದ ಕಡತದ ಚಿತ್ರವನ್ನೇ ಕೊನೆಯ ಬಾರಿ ಮೂಲ ಸ್ಕ್ರೀನ್‌ಶಾಟಿನೊಂದಿಗೆ ಹೋಲಿಸಿ, ಪರಿವರ್ತನೆಗೆ ಮೊದಲಿನದನ್ನಲ್ಲ. ತಿದ್ದಬಲ್ಲ ಕಡತದ ಒಂದು ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.

ಎರಡು ಪೂರ್ಣ ಫಾಂಟುಗಳಲ್ಲೂ ಒಂದು ಒತ್ತು ಅಂದವಾಗಿ ಕೂರದಿದ್ದರೆ ಫಾಂಟು ಹುಡುಕುವುದನ್ನು ನಿಲ್ಲಿಸಿ, ಕನ್ನಡ ಅಕ್ಷರ ಬರೆಯಬಲ್ಲ ಕಲಾವಿದರಿಂದ ಆ ಹೆಸರನ್ನು ಕೈಯಲ್ಲಿ ಬರೆಸಿ. ನಾಲ್ಕು ಪದಕ್ಕೆ ಅದು ದೊಡ್ಡ ಕೆಲಸವಲ್ಲ, ಒತ್ತಿನ ಗಾತ್ರವನ್ನು ಕೈ ತಾನೇ ಹೊಂದಿಸಿಕೊಳ್ಳುತ್ತದೆ.

ಬೋರ್ಡು ಏರಿದ ಮೇಲೆ ತಪ್ಪು ಕಂಡರೆ ಏಣಿ ಹಾಕಿ ನೀವೇ ಒತ್ತು ಅಂಟಿಸಲು ಹೋಗಬೇಡಿ. ದೀಪದ ಬೋರ್ಡಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. ಮುಂಭಾಗದ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ನೋಡಿದ ಮೇಲೆಯೇ ಮುಟ್ಟಬೇಕು. ಬೋರ್ಡಿನ ಹತ್ತಿರ ವಿದ್ಯುತ್ ತಂತಿ ಹಾದುಹೋಗಿದ್ದರೆ ಲೋಹದ ಏಣಿ ತರಲೇಬಾರದು, ಮೊದಲು ವಿದ್ಯುತ್ ಕಂಪನಿಗೆ ತಿಳಿಸಿ ಪೂರೈಕೆ ನಿಲ್ಲಿಸಬೇಕು. ವಿನೈಲ್ ಬೋರ್ಡಿನಲ್ಲಿ ಒಂದು ಅಕ್ಷರವಷ್ಟೇ ತಪ್ಪಿದ್ದರೂ ಇಡೀ ಪದವನ್ನು ಕಿತ್ತು ಹೊಸದು ಅಂಟಿಸಲು ಹೇಳಿ. ಬಿಸಿಲಿಗೆ ಹಳೆಯದರ ಬಣ್ಣ ಮಾಸಿರುತ್ತದೆ, ಹೊಸ ಒತ್ತು ಮಾತ್ರ ತೇಪೆಯಂತೆ ಎದ್ದು ಕಾಣುತ್ತದೆ.